ಏರುವ ನೀರಿನ ವೇಗ ಅಳೆಯುವ ಎಫ್‌ಐಆರ್ ಫಿಲ್ಟರ್: ಬೆಸ ಸಮ್ಮಿತಿ ಏಕೆ ಬೇಕು, ಉದ್ದ ಎಷ್ಟಿರಬೇಕು

ಅಘನಾಶಿನಿ ಅಳಿವೆಯಲ್ಲಿ ಉಬ್ಬರದ ಉಪ್ಪುನೀರು ಒಳಬರುವ ಗಜನಿ ಗದ್ದೆಗಳ ಬಳಿ ನೀರಿನ ಮಟ್ಟದ ಸೆನ್ಸರ್ ಕೂರಿಸಿದವರು ಕೇಳುವ ಪ್ರಶ್ನೆ ಒಂದೇ ಬಗೆಯದು: ‘ಮಟ್ಟ ಸರಿಯಾಗಿ ಸಿಗುತ್ತಿದೆ, ಆದರೆ ಗಂಟೆಗೆ ಎಷ್ಟು ಸೆಂಟಿಮೀಟರ್ ಏರುತ್ತಿದೆ ಎಂದು ಲೆಕ್ಕ ಹಾಕಿದರೆ ಸಂಖ್ಯೆ ಹುಚ್ಚೆದ್ದು ಕುಣಿಯುತ್ತದೆ. ಏನು ಮಾಡಬೇಕು?’ ಕಾರವಾರದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಶ್ನೆ ಬೇರೆ ರೂಪದ್ದು. ಅವಕಲನ ಫಿಲ್ಟರಿಗೆ ಟೈಪ್ 3 ಆಗಬೇಕೋ ಟೈಪ್ 4 ಆಗಬೇಕೋ ಎಂದು ಅವರು ಕೇಳುತ್ತಾರೆ. ಶಿರಸಿಯ ಕಡೆಯ ಹವ್ಯಾಸಿ ರೇಡಿಯೋ ಆಸಕ್ತರಿಗೆ ಧ್ವನಿಯ ಫೇಸನ್ನು, ಅಂದರೆ ಅಲೆ ತನ್ನ ಸುತ್ತಿನಲ್ಲಿ ಇರುವ ಜಾಗವನ್ನು, 90 ಡಿಗ್ರಿ ತಿರುಗಿಸಬೇಕಾಗಿರುತ್ತದೆ. ಮೂವರ ಉತ್ತರವೂ ಒಂದೇ ಬೇರಿನಿಂದ ಹುಟ್ಟುವುದರಿಂದ ಇಲ್ಲಿ ಒಟ್ಟಿಗೇ ಬರೆಯುತ್ತಿದ್ದೇನೆ. ನೀರಿನ ಉದಾಹರಣೆಯನ್ನು ಪೂರ್ತಿ ಬಿಡಿಸಿ, ಕೊನೆಯಲ್ಲಿ ರೇಡಿಯೋದವರಿಗೆ ಬೇಕಾದ ಬದಲಾವಣೆಯನ್ನು ಹೇಳುತ್ತೇನೆ.

ಮೊದಲು ನಾಲ್ಕು ಪದಗಳನ್ನು ಬಿಡಿಸಿಕೊಳ್ಳೋಣ. ಎಫ್‌ಐಆರ್ ಫಿಲ್ಟರ್ ಎಂದರೆ ಇತ್ತೀಚಿನ ಕೆಲವೇ ಅಳತೆಗಳನ್ನು ತೆಗೆದುಕೊಂಡು, ಒಂದೊಂದನ್ನೂ ನಿಗದಿತ ಸಂಖ್ಯೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸುವ ಲೆಕ್ಕ. ಆ ನಿಗದಿತ ಸಂಖ್ಯೆಗಳಿಗೆ ಗುಣಾಂಕಗಳು ಎನ್ನುತ್ತೇವೆ. ಅವು ಎಷ್ಟಿವೆಯೋ ಅದು ಫಿಲ್ಟರಿನ ಉದ್ದ. ಅವಕಲನ ಫಿಲ್ಟರ್ ಎಂದರೆ ಬದಲಾವಣೆಯ ದರವನ್ನು ಕೊಡುವ ಫಿಲ್ಟರ್.

ಇನ್ನೊಂದು ಎಚ್ಚರಿಕೆ. ಈ ವಿಷಯದಲ್ಲಿ ‘ಬೆಸ’ ಎಂಬ ಮಾತು ಎರಡು ಕಡೆ ಬರುತ್ತದೆ, ಹೆಚ್ಚಿನ ಗೊಂದಲ ಹುಟ್ಟುವುದೂ ಅಲ್ಲಿಯೇ. ಮಧ್ಯದಿಂದ ಎಡಕ್ಕೆ ಇರುವ ಗುಣಾಂಕವೇ ಬಲಕ್ಕೆ ಅಷ್ಟೇ ದೂರದಲ್ಲಿ ಚಿಹ್ನೆ ಬದಲಿಸಿಕೊಂಡು ಬಂದರೆ ಅದು ಬೆಸ ಸಮ್ಮಿತಿ. ಚಿಹ್ನೆ ಬದಲಾಗದೆ ಬಂದರೆ ಸಮ ಸಮ್ಮಿತಿ. ಗುಣಾಂಕಗಳ ಎಣಿಕೆ 11, 47 ಎಂದಿದ್ದರೆ ಅದು ಬೆಸ ಉದ್ದ. ಸಮ್ಮಿತಿಗೂ ಉದ್ದಕ್ಕೂ ಸಂಬಂಧವಿಲ್ಲ. ಬೆಸ ಸಮ್ಮಿತಿ ಮತ್ತು ಬೆಸ ಉದ್ದ ಕೂಡಿದರೆ ಟೈಪ್ 3, ಬೆಸ ಸಮ್ಮಿತಿ ಮತ್ತು ಸಮ ಉದ್ದ ಕೂಡಿದರೆ ಟೈಪ್ 4. ಟೈಪ್ 1 ಮತ್ತು 2 ಸಮ ಸಮ್ಮಿತಿಯವು. ಅವು ನಮ್ಮ ಕೆಲಸಕ್ಕೆ ಬಾರದಿರುವುದು ಏಕೆಂದು ಎರಡನೆಯ ಹಂತದಲ್ಲಿ ನೋಡುತ್ತೇವೆ.

ಹಂತ 1: ಅಳತೆ ಮತ್ತು ಅಲೆಯ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಳ್ಳಿ

ನಮ್ಮ ಸೆನ್ಸರ್ ಪ್ರತಿ 6 ನಿಮಿಷಕ್ಕೆ ಒಂದು ಅಳತೆ ಕೊಡುತ್ತದೆ ಎಂದಿಟ್ಟುಕೊಳ್ಳಿ, ಅಂದರೆ ಗಂಟೆಗೆ 10. ನಮ್ಮ ಕರಾವಳಿಯ ಉಬ್ಬರವಿಳಿತದಲ್ಲಿ ಮುಖ್ಯವಾದ ಅಲೆ ಚಂದ್ರನದು, ಅದು 12.42 ಗಂಟೆಗೊಮ್ಮೆ ಸುತ್ತು ಮುಗಿಸುತ್ತದೆ. ಒಂದೇ ದಿನದ ಎರಡು ಉಬ್ಬರಗಳು ಸಮನಾಗಿರುವುದಿಲ್ಲ, ಏಕೆಂದರೆ ದಿನಕ್ಕೊಮ್ಮೆ ಬರುವ ಇನ್ನೂ ನಿಧಾನವಾದ ಅಲೆಯೂ ಅದರೊಳಗಿದೆ. ಅದು ನಿಧಾನವಾಗಿರುವುದರಿಂದ ನಮಗೆ ತೊಂದರೆ ಕೊಡುವುದಿಲ್ಲ.

12.42 ಗಂಟೆಯಲ್ಲಿ 124.2 ಅಳತೆಗಳು ಬರುತ್ತವೆ. ಒಂದು ಸುತ್ತು 2π ರೇಡಿಯನ್. ಆದ್ದರಿಂದ ಒಂದು ಅಳತೆಯಿಂದ ಮುಂದಿನ ಅಳತೆಗೆ ಅಲೆ ಸಾಗುವುದು 2π/124.2, ಸುಮಾರು 0.0506 ರೇಡಿಯನ್. ಈ ಸಂಖ್ಯೆಯನ್ನು ω ಎಂದು ಕರೆಯೋಣ. ω ಹೆಚ್ಚೆಂದರೆ π ಆಗಬಹುದು. ಆಗ ಅಳತೆಗಳು ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಒಂದು ಬಿಟ್ಟು ಒಂದು ಜಿಗಿಯುತ್ತವೆ. ನಮಗೆ ಬೇಕಾದ ಅಲೆ ಸೊನ್ನೆಯ ಪಕ್ಕದಲ್ಲೇ ಕುಳಿತಿದೆ, π ಬಹಳ ದೂರ. ಇದನ್ನು ನೆನಪಿಡಿ, ಟೈಪಿನ ಆಯ್ಕೆ ಈ ಮಾತಿನ ಮೇಲೆ ನಿಂತಿದೆ.

ಇಳಿತದ ತಳದಿಂದ ಉಬ್ಬರದ ತುದಿಯವರೆಗೆ 1.5 ಮೀಟರ್ ಏರುವ ದಿನವೊಂದನ್ನು ಉದಾಹರಣೆಯಾಗಿ ಹಿಡಿಯೋಣ. ಮಧ್ಯಮಟ್ಟದಿಂದ ಮೇಲಕ್ಕೂ ಕೆಳಕ್ಕೂ 75 ಸೆಂ.ಮೀ. ಅತಿ ಹೆಚ್ಚಿನ ವೇಗ 75 × 0.0506, ಅಂದರೆ ಪ್ರತಿ ಅಳತೆಗೆ 3.79 ಸೆಂ.ಮೀ.; ಗಂಟೆಗೆ 37.9 ಸೆಂ.ಮೀ. ದೋಣಿಗಳ ಅಲೆ, ಗಾಳಿಯ ತೆರೆ ಎಲ್ಲ ಸೇರಿ ಪ್ರತಿ ಅಳತೆಯಲ್ಲೂ 1 ಸೆಂ.ಮೀ.ನಷ್ಟು ಗದ್ದಲ ಇದೆ, ಒಂದರ ಗದ್ದಲಕ್ಕೂ ಮುಂದಿನದರ ಗದ್ದಲಕ್ಕೂ ನಂಟಿಲ್ಲ ಎಂದೂ ಇಟ್ಟುಕೊಳ್ಳಿ.

ಇಲ್ಲಿ ಒಂದು ತಪ್ಪು ಆಗುವುದುಂಟು. ಆರು ನಿಮಿಷಕ್ಕೊಮ್ಮೆ ಎಚ್ಚರಗೊಂಡು ಒಂದೇ ಒಂದು ಓದು ತೆಗೆದುಕೊಳ್ಳುವಂತೆ ಸೆನ್ಸರನ್ನು ಇಟ್ಟರೆ, ಕೆಲವೇ ಸೆಕೆಂಡುಗಳ ತೆರೆಯ ಏರಿಳಿತ ಪೂರ್ತಿಯಾಗಿ ಅಳತೆಯೊಳಗೆ ಇಳಿಯುತ್ತದೆ. ಒಮ್ಮೆ ಇಳಿದ ಮೇಲೆ ಅದನ್ನು ಉಬ್ಬರದಿಂದ ಬೇರ್ಪಡಿಸುವುದು ಕಷ್ಟ. ಎಚ್ಚರವಾದಾಗ ಒಂದು ನಿಮಿಷ ಸತತವಾಗಿ ಓದಿ ಸರಾಸರಿ ತೆಗೆದುಕೊಂಡು ಆ ಸರಾಸರಿಯನ್ನೇ ಅಳತೆ ಎಂದು ಉಳಿಸಿ.

ಹಂತ 2: ಬೆಸ ಸಮ್ಮಿತಿಯೇ ಏಕೆ ಎಂಬುದನ್ನು ಒಂದು ಜೋಡಿಯಲ್ಲಿ ನೋಡಿ

ಮಧ್ಯದ ಅಳತೆ n. ಅದರಿಂದ k ಹೆಜ್ಜೆ ಮುಂದಿನದನ್ನೂ k ಹೆಜ್ಜೆ ಹಿಂದಿನದನ್ನೂ ಜೋಡಿಯಾಗಿ ತೆಗೆದುಕೊಳ್ಳಿ. ಒಳಗೆ ಬರುತ್ತಿರುವುದು ಒಂದೇ ಅಲೆ, cos(ωn). ಜೋಡಿಯನ್ನು ಕೂಡಿಸಿದರೆ ಮತ್ತು ಕಳೆದರೆ ಸಿಗುವುದು ಇದು:

```
cos(ω(n+k)) + cos(ω(n−k)) =  2·cos(kω)·cos(ωn)
cos(ω(n+k)) − cos(ω(n−k)) = −2·sin(kω)·sin(ωn)
```

ಮೊದಲ ಸಾಲು ಸಮ ಸಮ್ಮಿತಿ. ಹೊರಬಂದದ್ದು cos(ωn) ತಾನೇ, ದೊಡ್ಡದೋ ಚಿಕ್ಕದೋ ಆಗಿರಬಹುದು, ತಲೆಕೆಳಗಾಗಿರಬಹುದು, ಆದರೆ ಕಾಲದಲ್ಲಿ ಕದಲಿಲ್ಲ. ಎಷ್ಟು ಜೋಡಿಗಳನ್ನು ಸೇರಿಸಿದರೂ cos(ωn)ಗಳನ್ನು ಕೂಡಿಸಿದಂತೆ. ಅದರಿಂದ sin(ωn) ಎಂದಿಗೂ ಹುಟ್ಟುವುದಿಲ್ಲ. ಎರಡನೆಯ ಸಾಲು ಬೆಸ ಸಮ್ಮಿತಿ. ಅಲ್ಲಿ cos ಹೋಗಿ sin ಬಂತು, ಅಂದರೆ ಅಲೆ ಸರಿಯಾಗಿ 90 ಡಿಗ್ರಿ ತಿರುಗಿತು. ಅವಕಲನದ ಕೆಲಸವೂ ಇದೇ: cos(ωn)ನ ಬದಲಾವಣೆಯ ದರ −ω·sin(ωn). ನೀರು ಅತಿ ಎತ್ತರದಲ್ಲಿ ನಿಂತಾಗ ವೇಗ ಸೊನ್ನೆ, ಮಧ್ಯಮಟ್ಟ ದಾಟುವಾಗ ವೇಗ ಗರಿಷ್ಠ ಎಂಬುದನ್ನು ಅಳಿವೆಯ ದಂಡೆಯಲ್ಲಿ ನಿಂತು ನೋಡಿದವರೆಲ್ಲ ಬಲ್ಲರು. ಆ ಕಾಲು ಸುತ್ತಿನ ಅಂತರವೇ 90 ಡಿಗ್ರಿ.

ಆದ್ದರಿಂದ ಮಟ್ಟದಿಂದ ವೇಗ ಬೇಕೆಂದರೆ, ಅಥವಾ ಧ್ವನಿಯನ್ನು 90 ಡಿಗ್ರಿ ತಿರುಗಿಸಬೇಕೆಂದರೆ, ಸಮ್ಮಿತಿಯ ಫಿಲ್ಟರುಗಳಲ್ಲಿ ಬೆಸ ಸಮ್ಮಿತಿಗೆ ಪರ್ಯಾಯವಿಲ್ಲ. ಇದರ ಜೊತೆಗೆ ಒಂದು ಬಹುದೊಡ್ಡ ಲಾಭವೂ ಬರುತ್ತದೆ. ಈ 90 ಡಿಗ್ರಿ ಅಂದಾಜಲ್ಲ, ಎಲ್ಲ ಆವೃತ್ತಿಗಳಲ್ಲೂ ಕರಾರುವಾಕ್ಕು. ಆವೃತ್ತಿ ಎಂದರೆ ಅಲೆ ಎಷ್ಟು ಬೇಗ ಬೇಗ ಬರುತ್ತದೆ ಎಂಬುದು. ಗುಣಾಂಕಗಳನ್ನು ನೀವು ಎಷ್ಟೇ ಕೆಟ್ಟದಾಗಿ ಆರಿಸಿದರೂ, ಬೆಸ ಸಮ್ಮಿತಿ ಉಳಿದಿರುವ ತನಕ ತಪ್ಪು ಗಾತ್ರದಲ್ಲಿ ಮಾತ್ರ ಆಗುತ್ತದೆ, ಫೇಸಿನಲ್ಲಿ ಆಗುವುದಿಲ್ಲ.

ಹಂತ 3: ಟೈಪ್ 3 ಅಥವಾ 4 ಎಂಬುದನ್ನು π ತುದಿಯಲ್ಲಿ ನಿರ್ಧರಿಸಿ

ಈಗ ಉದ್ದದ ಪ್ರಶ್ನೆ. ಅಳತೆಗಳು +1, −1, +1, −1 ಎಂದು ಜಿಗಿಯುವ ಅಲೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇದು ω = π.

ಉದ್ದ ಬೆಸವಾಗಿದ್ದರೆ ಮಧ್ಯದಲ್ಲಿ ಒಂದು ಅಳತೆ ಇರುತ್ತದೆ. ಅದರ ಗುಣಾಂಕ ತನ್ನದೇ ಋಣಕ್ಕೆ ಸಮನಾಗಿರಬೇಕಾದ್ದರಿಂದ ಸೊನ್ನೆ ಆಗಲೇಬೇಕು. ಮುಂದಿನ k ಮತ್ತು ಹಿಂದಿನ k ಇವೆರಡರ ನಡುವಿನ ಅಂತರ 2k ಹೆಜ್ಜೆ, ಸಮಸಂಖ್ಯೆ. ಹಾಗಾಗಿ ಜೋಡಿಯ ಎರಡೂ ಕಡೆ ಒಂದೇ ಬೆಲೆ, +1 ಮತ್ತು +1, ಇಲ್ಲವೇ −1 ಮತ್ತು −1. ಕಳೆದರೆ ಸೊನ್ನೆ. ಎಲ್ಲ ಜೋಡಿಗಳಲ್ಲೂ ಹೀಗೆಯೇ. ಟೈಪ್ 3 ಫಿಲ್ಟರ್ π ತುದಿಯ ಅಲೆಯನ್ನು ಪೂರ್ತಿ ನುಂಗಿಬಿಡುತ್ತದೆ, ಗುಣಾಂಕಗಳು ಏನೇ ಇರಲಿ.

ಉದ್ದ ಸಮವಾಗಿದ್ದರೆ ಮಧ್ಯಬಿಂದು ಎರಡು ಅಳತೆಗಳ ನಡುವೆ ಬೀಳುತ್ತದೆ. ಜೋಡಿಗಳ ಅಂತರ 1, 3, 5 ಹೆಜ್ಜೆ. ಆಗ ಒಂದು ಕಡೆ +1 ಇದ್ದರೆ ಇನ್ನೊಂದು ಕಡೆ −1. ಕಳೆದರೆ ಎರಡು ಪಟ್ಟು. ಟೈಪ್ 4ಕ್ಕೆ π ತುದಿಯಲ್ಲಿ ಅಡ್ಡಿಯಿಲ್ಲ. ಸೊನ್ನೆಯ ತುದಿಯಲ್ಲಿ, ಅಂದರೆ ಬದಲಾಗದೆ ನಿಂತ ನೀರಿಗೆ, ಎರಡೂ ಟೈಪುಗಳು ಸೊನ್ನೆಯನ್ನೇ ಕೊಡುತ್ತವೆ. ಅದು ಸರಿಯೇ, ನಿಂತ ನೀರಿಗೆ ವೇಗವಿಲ್ಲ.

ಆದರ್ಶ ಅವಕಲನ ಫಿಲ್ಟರ್ π ತುದಿಯಲ್ಲಿ ಅತಿ ಹೆಚ್ಚು, ಅಂದರೆ π ಪಟ್ಟು, ಕೊಡಬೇಕು. ಟೈಪ್ 3 ಅಲ್ಲಿ ಸೊನ್ನೆ ಕೊಡುವಂತೆ ಕಟ್ಟಿಹಾಕಲ್ಪಟ್ಟಿದೆ. ಈ ಜಗ್ಗಾಟ ಗುಣಾಂಕಗಳಲ್ಲೇ ಕಾಣುತ್ತದೆ. ಆದರ್ಶವನ್ನು ಬೆಸ ಉದ್ದದಲ್ಲಿ ಬರೆದರೆ ಮಧ್ಯದಿಂದ ಹೊರಕ್ಕೆ ಗಾತ್ರಗಳು 1, 0.5, 0.333, 0.25 ಎಂದು ನಿಧಾನವಾಗಿ ಇಳಿಯುತ್ತವೆ, ಎಷ್ಟು ದೂರ ಹೋದರೂ ಮುಗಿಯುವುದಿಲ್ಲ. ಸಮ ಉದ್ದದಲ್ಲಿ ಬರೆದರೆ 1.273, 0.141, 0.051 ಎಂದು ಥಟ್ಟನೆ ಇಳಿಯುತ್ತವೆ. ಆದ್ದರಿಂದ ಸೊನ್ನೆಯಿಂದ π ತನಕದ ಇಡೀ ಪಟ್ಟಿಯಲ್ಲಿ ನಿಜವಾದ ಅವಕಲನ ಬೇಕಿದ್ದರೆ ಟೈಪ್ 4 ಆರಿಸಿ; ಕೆಲವೇ ಗುಣಾಂಕಗಳಲ್ಲಿ ಕೆಲಸ ಆಗುತ್ತದೆ.

ನಮಗೆ ಇಡೀ ಪಟ್ಟಿ ಬೇಕೇ? ನಮ್ಮ ಅಲೆ 0.0506ರಲ್ಲಿದೆ. π ಹತ್ತಿರ ಇರುವುದು ಬರೀ ಗದ್ದಲ. ಅದನ್ನು ನುಂಗುವ ಟೈಪ್ 3ರ ಗುಣ ಇಲ್ಲಿ ಕೊರತೆಯಲ್ಲ, ವರ. ಎರಡನೆಯ ಕಾರಣವೂ ಇದೆ: ಟೈಪ್ 3ರಲ್ಲಿ ಉತ್ತರ ಒಂದು ಅಳತೆಯ ಹೊತ್ತಿಗೆ ಸರಿಯಾಗಿ ಸೇರಿದ್ದು, ಆದ್ದರಿಂದ ಅದೇ ಹೊತ್ತಿನ ಮಟ್ಟದ ಪಕ್ಕದಲ್ಲಿ ಬರೆಯಬಹುದು. ಟೈಪ್ 4ರಲ್ಲಿ ಉತ್ತರ ಎರಡು ಅಳತೆಗಳ ನಡುವಿನ ಹೊತ್ತಿನದು. ನಮ್ಮಲ್ಲಿ 3 ನಿಮಿಷ ಆಚೀಚೆ. ಇತ್ತೀಚಿನದರಿಂದ ಹಿಂದಿನದನ್ನು ಕಳೆಯುವ ಸಾದಾ ವಿಧಾನವೂ ಉದ್ದ 2ರ ಟೈಪ್ 4 ಫಿಲ್ಟರೇ ಎಂಬುದನ್ನು ಗಮನಿಸಿ.

ಹಂತ 4: ಗದ್ದಲದ ಬೆಲೆ ಕಟ್ಟಿ, ಆಮೇಲೆ ಉದ್ದ ಆರಿಸಿ

ಗುಣಾಂಕಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಗದ್ದಲ ಎಷ್ಟು ಪಟ್ಟು ಹೊರಬರುತ್ತದೆ ಎಂದು ತಿಳಿಯುತ್ತದೆ. ಆದರ್ಶ ಅವಕಲನಕ್ಕೆ ಇದು 1.81. ನಮ್ಮ 1 ಸೆಂ.ಮೀ. ಗದ್ದಲ, ಗಂಟೆಗೆ 10 ಅಳತೆ: ಹೊರಬರುವುದು ಗಂಟೆಗೆ 18 ಸೆಂ.ಮೀ. ಅತಿ ಹೆಚ್ಚಿನ ವೇಗವೇ 37.9 ಇರುವಾಗ 18ರ ಗದ್ದಲ! ಪುಸ್ತಕದ ‘ಅತ್ಯುತ್ತಮ’ ಫಿಲ್ಟರನ್ನು ಹಾಕಿದವರಿಗೆ ಸಂಖ್ಯೆ ಕುಣಿಯುವುದು ಇದಕ್ಕೇ. ಒಂದರಿಂದ ಹಿಂದಿನದನ್ನು ಕಳೆಯುವ ಸಾದಾ ವಿಧಾನದಲ್ಲಿ 14. ಮುಂದಿನದರಿಂದ ಹಿಂದಿನದನ್ನು ಕಳೆದು 2ರಿಂದ ಭಾಗಿಸಿದರೆ 7.

ಗದ್ದಲವನ್ನು ಅತಿ ಕಡಿಮೆ ಮಾಡುವ ದಾರಿ ಸರಳವಾಗಿದೆ. ಹನ್ನೊಂದು ಅಳತೆಗಳ ಮೂಲಕ ಅತ್ಯಂತ ಹೊಂದುವ ನೇರಗೆರೆ ಎಳೆದು ಅದರ ಓಟವನ್ನು ತೆಗೆದುಕೊಳ್ಳಿ. ಲೆಕ್ಕ ಮಾಡಿದರೆ ಗುಣಾಂಕಗಳು 5, 4, 3, 2, 1, 0, −1, −2, −3, −4, −5 ಎಂದು ಬರುತ್ತವೆ, ಒಟ್ಟು 110ರಿಂದ ಭಾಗಿಸಬೇಕು. ಮಧ್ಯ ಸೊನ್ನೆ, ಬೆಸ ಸಮ್ಮಿತಿ, ಬೆಸ ಉದ್ದ: ಅಪ್ಪಟ ಟೈಪ್ 3. ಗದ್ದಲ 1/√110, ಅಂದರೆ ಗಂಟೆಗೆ ಕೇವಲ 0.95 ಸೆಂ.ಮೀ. ಇದಕ್ಕೆ ಕೊಡುವ ಬೆಲೆ ಏನು? ಅಲೆ ನಿಜವಾಗಿ ಬಾಗಿರುತ್ತದೆ, ನೇರಗೆರೆಯಲ್ಲ. ಆದ್ದರಿಂದ ವೇಗ ಸ್ವಲ್ಪ ಕಡಿಮೆ ಸಿಗುತ್ತದೆ. ಚಂದ್ರನ ಅಲೆಯಲ್ಲಿ ಆ ಕೊರತೆ ಶೇಕಡಾ 0.76. ಗಂಟೆಗೆ 37.9ರಲ್ಲಿ 0.3 ಸೆಂ.ಮೀ.ಗೂ ಕಡಿಮೆ. ಇದು ಸಹಿಸಬಹುದಾದ ಬೆಲೆ ಎಂಬುದು ನನ್ನ ಅಭಿಪ್ರಾಯ.

ಗದ್ದಲದ ಈ ವ್ಯತ್ಯಾಸ ಗದ್ದೆಗೆ ನೀರು ಬಿಡುವ ಗಜನಿ ಬಾಗಿಲಿನ ಮುಂದೆ ಏನಾಗುತ್ತದೆ ನೋಡಿ. ಬಾಗಿಲು ಹಾಕಬೇಕಾದದ್ದು ನೀರು ತುಂಬಿ ನಿಂತಾಗ, ಅಂದರೆ ವೇಗ ಸೊನ್ನೆ ದಾಟುವಾಗ. ನಮ್ಮ ಉದಾಹರಣೆಯ ದಿನ ಆ ಹೊತ್ತಿನಲ್ಲಿ ವೇಗ ಪ್ರತಿ ಗಂಟೆಗೆ 19.2 ಸೆಂ.ಮೀ./ಗಂಟೆಯಂತೆ ಇಳಿಯುತ್ತಿರುತ್ತದೆ. ವೇಗದಲ್ಲಿ 0.95ರ ಗದ್ದಲ ಇದ್ದರೆ ನಿಂತ ಹೊತ್ತನ್ನು 3 ನಿಮಿಷದ ಒಳಗೆ ಹೇಳಬಹುದು. ಸಾದಾ ಕಳೆಯುವಿಕೆಯಲ್ಲಿ ಇದೇ 44 ನಿಮಿಷ, ಜೊತೆಗೆ ಸೊನ್ನೆಯನ್ನು ಹತ್ತಾರು ಸಲ ದಾಟಿ ಯಾವುದು ನಿಜವೆಂದು ತಿಳಿಯದಂತೆ ಮಾಡುತ್ತದೆ.

ಹಂತ 5: ಗುಣಾಂಕ ಕಟ್ಟಿ, ಮೊದಲು ನೇರಗೆರೆಯಲ್ಲಿ ಪರೀಕ್ಷಿಸಿ

```python
import numpy as np
M = 5
k = np.arange(-M, M + 1)
h = -k / np.sum(k**2)
x = np.arange(20.0)
print(np.convolve(x, h, 'valid'))
```

ಪ್ರತಿ ಅಳತೆಗೆ ಒಂದರಂತೆ ಏರುವ ಸಾಲನ್ನು ಕೊಟ್ಟಿದ್ದೇವೆ; ಹತ್ತು ಉತ್ತರಗಳೂ 1 ಬರಬೇಕು. −1 ಬಂದರೆ ಫಿಲ್ಟರನ್ನು ತಿರುಗಿಸಿ ಹಾಕಿದ್ದೀರಿ. ಸಮ ಸಮ್ಮಿತಿಯ ಫಿಲ್ಟರನ್ನು ಹಿಂದುಮುಂದಾಗಿ ಹಾಕಿದರೂ ಏನೂ ಆಗುವುದಿಲ್ಲ, ಆದ್ದರಿಂದ ಆ ಅಭ್ಯಾಸದವರಿಗೆ ಈ ತಪ್ಪು ಗೊತ್ತೇ ಆಗದು. ಬೆಸ ಸಮ್ಮಿತಿಯಲ್ಲಿ ಹಿಂದುಮುಂದು ಮಾಡುವುದೆಂದರೆ ಚಿಹ್ನೆ ಬದಲಿಸುವುದು: ಏರುವ ನೀರು ಇಳಿಯುತ್ತಿದೆ ಎಂದು ತೋರುತ್ತದೆ. `np.convolve` ಬದಲು `np.correlate` ಬಳಸಿದರೂ ಇದೇ ಗತಿ. ನೆನಪಿಡುವ ಸೂತ್ರ: ಅವಕಲನದಲ್ಲಿ ಹೊಸ ಅಳತೆಗೆ ಧನ, ಹಳೆಯದಕ್ಕೆ ಋಣ.

ಉತ್ತರ ಬರುವುದು ಪ್ರತಿ ಅಳತೆಗೆ ಸೆಂ.ಮೀ. ಲೆಕ್ಕದಲ್ಲಿ. ಗಂಟೆಯ ವೇಗಕ್ಕೆ 10ರಿಂದ ಗುಣಿಸಲು ಮರೆಯಬೇಡಿ. ಮುಂದೆ ಸೆನ್ಸರಿನ ಗತಿಯನ್ನು 6ರಿಂದ 5 ನಿಮಿಷಕ್ಕೆ ಬದಲಿಸಿದರೆ ಈ ಸಂಖ್ಯೆ 12 ಆಗಬೇಕು.

ಹಂತ 6: ಚಿಕ್ಕ ಬೋರ್ಡಿನ ಮೇಲೆ ಇಳಿಸುವಾಗ ಸಮ್ಮಿತಿಯನ್ನು ಕಾಪಾಡಿ

ಗುಣಾಂಕಗಳನ್ನು 0.04545, 0.03636 ಎಂದು ಕತ್ತರಿಸಿ ಬರೆಯಬೇಡಿ. ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಕತ್ತರಿಸಿದರೆ ಮೊತ್ತ ಸೊನ್ನೆಯಾಗಿ ಉಳಿಯುವುದಿಲ್ಲ. ಮೊತ್ತ 0.001 ಉಳಿದರೂ ಸಾಕು, ಸೆನ್ಸರ್ ತೋರಿಸುವ ಮಟ್ಟ 300 ಸೆಂ.ಮೀ. ಇದ್ದಾಗ ನಿಂತ ನೀರು ಗಂಟೆಗೆ 3 ಸೆಂ.ಮೀ. ಏರುತ್ತಿದೆ ಎಂದು ತೋರುತ್ತದೆ. ಜೋಡಿಗಳನ್ನು ಮೊದಲು ಕಳೆದು, ಪೂರ್ಣಾಂಕಗಳಿಂದ ಗುಣಿಸಿ, ಕೊನೆಯಲ್ಲಿ ಒಮ್ಮೆ ಭಾಗಿಸಿ:

```
y = (5*(x[10]-x[0]) + 4*(x[9]-x[1]) + 3*(x[8]-x[2])
     + 2*(x[7]-x[3]) + (x[6]-x[4])) / 110.0
```

ಇಲ್ಲಿ `x[10]` ಹೊಚ್ಚ ಹೊಸ ಅಳತೆ. ಹೀಗೆ ಬರೆದರೆ ಬೆಸ ಸಮ್ಮಿತಿ ಕೆಡುವ ದಾರಿಯೇ ಇರುವುದಿಲ್ಲ; ನಿಂತ ನೀರಿಗೆ ಉತ್ತರ ಖಚಿತವಾಗಿ ಸೊನ್ನೆ.

ಹಂತ 7: ವಿಳಂಬವನ್ನು ಒಪ್ಪಿಕೊಂಡು ಬಳಸಿ

ಹೊಚ್ಚ ಹೊಸ ಅಳತೆ ಬಂದಾಗ ಸಿಗುವ ಉತ್ತರ ಮಧ್ಯದ ಅಳತೆಯದು, ಅಂದರೆ 5 ಅಳತೆ ಹಿಂದಿನದು. 30 ನಿಮಿಷ ಹಳೆಯದು. ಬೆಸ ಸಮ್ಮಿತಿಯ ಕರಾರುವಾಕ್ಕಾದ 90 ಡಿಗ್ರಿಗೆ ತೆರುವ ಸುಂಕ ಇದು, ತಪ್ಪಿಸಿಕೊಳ್ಳಲಾಗದು. ದಿನಚರಿ ಬರೆಯುವವರು ಉತ್ತರವನ್ನು 30 ನಿಮಿಷ ಹಿಂದಕ್ಕೆ ಸರಿಸಿ ಬರೆದರೆ ಸಾಕು. ಬಾಗಿಲು ಹಾಕುವವರು ಒಂದು ಉಪಾಯ ಮಾಡಬಹುದು. ವೇಗ ಗಂಟೆಗೆ 19.2ರಂತೆ ಇಳಿಯುತ್ತಿರುವುದರಿಂದ ಅರ್ಧ ಗಂಟೆಯಲ್ಲಿ 9.6 ಇಳಿಯುತ್ತದೆ. ಆದ್ದರಿಂದ ಫಿಲ್ಟರ್ 9.6 ತೋರಿಸಿದಾಗಲೇ ನೀರು ನಿಜವಾಗಿ ನಿಂತಿರುತ್ತದೆ. ಈ ಸಂಖ್ಯೆ ಉಬ್ಬರದ ಎತ್ತರದ ಜೊತೆ ಬದಲಾಗುತ್ತದೆ: ಅಷ್ಟಮಿಯ ಸುಮಾರಿಗೆ ಉಬ್ಬರ ತಗ್ಗಿ ಏರಿಕೆ 75 ಸೆಂ.ಮೀ. ಮಾತ್ರ ಇದ್ದರೆ 4.8 ಆಗುತ್ತದೆ. ಒಂದೇ ಸಂಖ್ಯೆಯನ್ನು ವರ್ಷವಿಡೀ ಬಿಡಬೇಡಿ.

ಮಳೆಗಾಲದಲ್ಲಿ ಘಟ್ಟದ ಮೇಲೆ ಸುರಿದ ನೀರು ಇಳಿದು ಬಂದಾಗ ಮಟ್ಟ ಇಪ್ಪತ್ತು ನಿಮಿಷದಲ್ಲಿ ಜಿಗಿಯಬಹುದು. ಹನ್ನೊಂದು ಅಳತೆಗಳ ಫಿಲ್ಟರ್ ಅದನ್ನು ಒಂದು ಗಂಟೆಯ ಮೇಲೆ ಹರಡಿ ಚಿಕ್ಕದಾಗಿ ತೋರಿಸುತ್ತದೆ. ಆ ಎಚ್ಚರಿಕೆಗೆ 2, 1, 0, −1, −2 ಎಂಬ ಐದರ ಫಿಲ್ಟರನ್ನು 10ರಿಂದ ಭಾಗಿಸಿ ಪ್ರತ್ಯೇಕವಾಗಿ ಓಡಿಸಿ. ವಿಳಂಬ 12 ನಿಮಿಷ, ಗದ್ದಲ ಗಂಟೆಗೆ 3.2 ಸೆಂ.ಮೀ.

ಕೆಟ್ಟದ್ದನ್ನು ಗುರುತಿಸುವುದು

ಸೆನ್ಸರಿನ ಕೆಳಗೆ ದೋಣಿಯೊಂದು ನಿಂತು ಒಂದೇ ಒಂದು ಅಳತೆ 22 ಸೆಂ.ಮೀ. ಹೆಚ್ಚು ಬಂತು ಎನ್ನಿ. ವೇಗದ ನಕ್ಷೆಯಲ್ಲಿ ಏನು ಕಾಣುತ್ತದೆ? ಮೊದಲು ಗಂಟೆಗೆ 10 ಸೆಂ.ಮೀ. ಹಾರುತ್ತದೆ, ಆಮೇಲೆ 8, 6, 4, 2, 0, −2 ಎಂದು ಮೆಟ್ಟಿಲಿಳಿದು −10 ತಲುಪಿ, ಸಹಜಕ್ಕೆ ಮರಳುತ್ತದೆ. ಫಿಲ್ಟರಿನ ಗುಣಾಂಕಗಳೇ ನಕ್ಷೆಯಲ್ಲಿ ಅಚ್ಚಾಗುತ್ತವೆ. ಹನ್ನೊಂದು ಚುಕ್ಕಿಗಳ ಇಂಥ ಓರೆಗೆರೆ ಕಂಡರೆ ಅದು ನೀರಲ್ಲ, ಒಂದು ಕೆಟ್ಟ ಅಳತೆ. ಫಿಲ್ಟರಿಗೆ ಮೊದಲೇ, ಅಕ್ಕಪಕ್ಕದ ಎರಡರ ಜೊತೆ ಹೋಲಿಸಿ ಮೂರರ ಮಧ್ಯದ ಬೆಲೆಯನ್ನು ಆರಿಸಿಕೊಂಡರೆ ಇದು ಹೋಗುತ್ತದೆ. ವಿಳಂಬ ಮಾತ್ರ ಇನ್ನೊಂದು ಅಳತೆಯಷ್ಟು ಹೆಚ್ಚುತ್ತದೆ.

ಕಾಣೆಯಾದ ಅಳತೆ ಇನ್ನೂ ಅಪಾಯಕಾರಿ. ವಿದ್ಯುತ್ ಹೋಗಿ ಎರಡು ಅಳತೆಗಳು ಬರದಿದ್ದರೆ ಉಳಿದವುಗಳನ್ನು ಹತ್ತಿರ ತಂದು ಜೋಡಿಸಬೇಡಿ. ಫಿಲ್ಟರಿಗೆ ಕಾಲ ಗೊತ್ತಿಲ್ಲ, ಹೆಜ್ಜೆ ಮಾತ್ರ ಗೊತ್ತು. ಹದಿನೆಂಟು ನಿಮಿಷದ ಏರಿಕೆಯನ್ನು ಆರು ನಿಮಿಷದ್ದೆಂದು ತಿಳಿಯುತ್ತದೆ. ಎರಡೂ ಬದಿಯ ಅಳತೆಗಳ ನಡುವೆ ನೇರಗೆರೆ ಎಳೆದು ಖಾಲಿ ಜಾಗ ತುಂಬಿ.

ರೇಡಿಯೋದವರಿಗೆ: ಇದೇ ಸಮ್ಮಿತಿ, ಬೇರೆ ಗುಣಾಂಕ

ಧ್ವನಿಯನ್ನು 90 ಡಿಗ್ರಿ ತಿರುಗಿಸುವ ಫಿಲ್ಟರಿಗೆ ಹಿಲ್ಬರ್ಟ್ ಫಿಲ್ಟರ್ ಎನ್ನುತ್ತಾರೆ. ಅವಕಲನದಲ್ಲಿ ಗಾತ್ರ ω ಜೊತೆ ಏರಬೇಕು. ಇಲ್ಲಿ ಎಲ್ಲ ಆವೃತ್ತಿಗೂ ಗಾತ್ರ 1 ಇರಬೇಕು. ಸೆಕೆಂಡಿಗೆ 8000 ಸ್ಯಾಂಪಲ್, ಬೇಕಾದ ಧ್ವನಿ 300ರಿಂದ 3000 ಹರ್ಟ್ಸ್. ಟೈಪ್ 3 ಸೊನ್ನೆಯಲ್ಲೂ π ತುದಿಯಾದ 4000 ಹರ್ಟ್ಸ್‌ನಲ್ಲೂ ಬಾಯಿ ಮುಚ್ಚುತ್ತದೆ, ಅವೆರಡೂ ನಮಗೆ ಬೇಡ. ಇದರಲ್ಲಿ ಒಂದು ಬಿಟ್ಟು ಒಂದು ಗುಣಾಂಕ ಸೊನ್ನೆಯಾಗುವುದರಿಂದ ಗುಣಾಕಾರಗಳೂ ಅರ್ಧ.

```python
N = 47
M = (N - 1) // 2
k = np.arange(-M, M + 1)
g = np.zeros(N)
odd = k % 2 != 0
g[odd] = 2 / (np.pi * k[odd])
g *= np.hamming(N)
Q = np.convolve(x, g, 'valid')
I = x[M:-M]
```

ಇಲ್ಲಿ `x` ನಿಮ್ಮ ಧ್ವನಿಯ ಸಾಲು, `Q` ತಿರುಗಿದ ಧ್ವನಿ, `I` ತಿರುಗದ ಧ್ವನಿ. ಉದ್ದ 31, 47, 63 ಹೀಗೆ M ಬೆಸವಾಗುವಂತೆ ಆರಿಸಿ; 33 ಅಥವಾ 49 ಆರಿಸಿದರೆ ಎರಡೂ ತುದಿಯ ಗುಣಾಂಕಗಳು ಸೊನ್ನೆಯಾಗಿ ವ್ಯರ್ಥ. 300 ಹರ್ಟ್ಸ್ ತನಕ ಕೆಳಗಿಳಿಯಲು 31 ಸಾಲದು, ಅದು 430ರ ಸುಮಾರಿನಿಂದಷ್ಟೇ ಸರಿಯಾಗಿ ಹಿಡಿಯುತ್ತದೆ. ತುದಿಗಳನ್ನು ನಯಗೊಳಿಸುವ ಕಿಟಕಿಯನ್ನು `np.hamming` ಇಂದಲೇ ತೆಗೆದುಕೊಳ್ಳಿ. `scipy.signal.get_window` ಸಹಜವಾಗಿ ಕೊಡುವ ಕಿಟಕಿ ಎರಡೂ ಬದಿಗೆ ಸಮನಾಗಿರುವುದಿಲ್ಲ. ಅದರಿಂದ ಗುಣಿಸಿದೊಡನೆ ಬೆಸ ಸಮ್ಮಿತಿ ಮುರಿದು, ಅದರ ಜೊತೆಗೇ ಕರಾರುವಾಕ್ಕಾದ 90 ಡಿಗ್ರಿಯೂ ಹೋಗುತ್ತದೆ. ಬಳಸಲೇಬೇಕಿದ್ದರೆ `fftbins=False` ಕೊಡಿ.

ಹೆಚ್ಚಿನವರು ಎಡವುವುದು ಕೊನೆಯ ಸಾಲಿನಲ್ಲಿ. ತಿರುಗಿದ ಧ್ವನಿ 23 ಸ್ಯಾಂಪಲ್ ತಡವಾಗಿ ಬರುತ್ತದೆ, ಆದ್ದರಿಂದ ತಿರುಗದ ಧ್ವನಿಯನ್ನೂ ಅಷ್ಟೇ ತಡಮಾಡಬೇಕು. ಒಂದೇ ಸ್ಯಾಂಪಲ್ ತಪ್ಪಿದರೂ 1000 ಹರ್ಟ್ಸ್‌ನಲ್ಲಿ 45 ಡಿಗ್ರಿ ಆಚೀಚೆಯಾಗುತ್ತದೆ. ಟೈಪ್ 4 ಆರಿಸಿದ್ದರೆ ಅರ್ಧ ಸ್ಯಾಂಪಲ್ ತಡಮಾಡಲು ಇನ್ನೊಂದು ಫಿಲ್ಟರೇ ಬೇಕಾಗುತ್ತಿತ್ತು; ಇಲ್ಲಿ ಟೈಪ್ 3 ಎನ್ನಲು ಮುಖ್ಯ ಕಾರಣ ಇದೇ. ಹೊಂದಿಕೆ ಸರಿಯಾದ ಮೇಲೆ ಉಳಿಯುವುದು ಗಾತ್ರದ ತಪ್ಪು ಮಾತ್ರ: ಅದು ಶೇಕಡಾ 1 ಇದ್ದರೆ ಬೇಡದ ಪಕ್ಕಪಟ್ಟಿ, ಅಂದರೆ ಧ್ವನಿಯನ್ನು ಹೊರುವ ವಾಹಕ ಅಲೆಯ ಇನ್ನೊಂದು ಬದಿಯಲ್ಲಿ ಉಳಿಯುವ ಧ್ವನಿಯ ನಕಲು, ಬೇಕಾದುದಕ್ಕಿಂತ 46 ಡೆಸಿಬೆಲ್ ಕೆಳಗಿರುತ್ತದೆ.

ಚಿಹ್ನೆಯನ್ನೂ ಒಮ್ಮೆ ನೋಡಿ. ಹಿಲ್ಬರ್ಟ್ ಫಿಲ್ಟರಿನಲ್ಲಿ ಹಳೆಯ ಸ್ಯಾಂಪಲಿಗೆ ಧನ, ಹೊಸದಕ್ಕೆ ಋಣ, ಅವಕಲನಕ್ಕೆ ತದ್ವಿರುದ್ಧ. cos ಕೊಟ್ಟರೆ sin ಬರಬೇಕು, −sin ಬರಬಾರದು. 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಳ ಪಕ್ಕಪಟ್ಟಿ ರೂಢಿಯಲ್ಲಿದೆ. ಚಿಹ್ನೆ ತಿರುಗಿದ್ದರೆ ನಿಮ್ಮ ಧ್ವನಿ ಮೇಲಿನ ಪಕ್ಕಪಟ್ಟಿಯಲ್ಲಿ ಹೊರಟು, ಆ ಕಡೆ ಕೇಳುವವರಿಗೆ ಒಂದು ಪದವೂ ಅರ್ಥವಾಗುವುದಿಲ್ಲ. ಆಂಟೆನಾ ಜೋಡಿಸುವ ಮೊದಲು 1000 ಹರ್ಟ್ಸ್‌ನ ಒಂದೇ ಸ್ವರ ಕೊಟ್ಟು, ಹೊರಬಂದದ್ದು ವಾಹಕ ಅಲೆಯ ಯಾವ ಬದಿಗಿದೆ ಎಂದು ರೋಹಿತದಲ್ಲಿ ನೋಡಿಕೊಳ್ಳಿ.